ಗಂಗಾಂಬಿಕೆಯ ಕಬ್ಬಿನ ಬಿಲ್

ಗುಬ್ಬಿಯಲ್ಲಿ ಹುಟ್ಟಿ ಕುಣಿಗಲ್ ಬಳಿಯ ಹಳ್ಳಿಗೆ ಸೊಸೆಯಾಗಿ ಬಂದ ಗಂಗಾಂಬಿಕೆ ಹತ್ತೊಂಬತ್ತು ವರ್ಷ ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದವಳು. ಯಾರ ಹಾಲಿನಲ್ಲಿ ಎಷ್ಟು ಫ್ಯಾಟು, ಲೀಟರಿಗೆ ಎಷ್ಟು ದರ ಎಂಬುದನ್ನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಡೇರಿ ಬಿಟ್ಟ ಮೇಲೆ ಎರಡು ಎಕರೆಗೆ ಕಬ್ಬು ಹಾಕಿದಳು. ಲೆಕ್ಕ ನೋಡುವ ಚಾಳಿ ಮಾತ್ರ ಬಿಡಲಿಲ್ಲ.

ಈ ಸಲ ಆರು ಲೋಡ್ ಕಬ್ಬು ಜಿಲ್ಲೆಯ ಗಡಿಯಾಚೆಯ ಸಕ್ಕರೆ ಕಾರ್ಖಾನೆಗೆ ಹೋಯಿತು. ಬಿಲ್ ಬಂದ ದಿನ ತೂಕದ ಚೀಟಿಗಳನ್ನು ಜಗಲಿಯ ಮೇಲೆ ಹರವಿಕೊಂಡು ಕೂಡಿದಳು. ಅರವತ್ತನಾಲ್ಕು ಟನ್ ಇನ್ನೂರ ಎಂಬತ್ತು ಕಿಲೋ. ಸರಿಯಿತ್ತು. ಕಟಾವು, ಸಾಗಣೆ ಎಂದು ಹಿಡಿದುಕೊಂಡದ್ದೂ ಸರಿಯಿತ್ತು. ರಿಕವರಿ, ಅಂದರೆ ನೂರು ಕಿಲೋ ಕಬ್ಬಿಗೆ ಇಳಿದ ಸಕ್ಕರೆ, 9.10 ಕಿಲೋ; ದರ ಟನ್ನಿಗೆ 3,152 ರೂಪಾಯಿ 10 ಪೈಸೆ. ದರ ತೀರಾ ಕಡಿಮೆ ಎನಿಸಿ ಅಲ್ಲಿ ಅವಳ ಬೆರಳು ನಿಂತಿತು.

ಮಾರನೆಯ ದಿನ ಕುಣಿಗಲ್‌ನಲ್ಲಿದ್ದ ಕಾರ್ಖಾನೆಯ ಕಬ್ಬು ಶಾಖೆಗೆ ಹೋದಳು. ಗುಮಾಸ್ತ ಶಿವರಾಮಯ್ಯ ಬಿಲ್ಲನ್ನು ತಿರುಗಿಸಿಯೂ ನೋಡಲಿಲ್ಲ.

“ಕಂಪ್ಯೂಟರ್ ಹಾಕಿರೋದಮ್ಮ. ನಿಮ್ ಕಬ್ಬಲ್ಲಿ ಸಕ್ಕರೆ ಕಮ್ಮಿ, ಅದಕ್ಕೇ ದರ ಕಮ್ಮಿ.”

“ಹಾಲಾದ್ರೆ ಒಬ್ಬೊಬ್ಬರ ಕ್ಯಾನಿಂದ್ಲೂ ಸ್ಯಾಂಪಲ್ ತೆಗಿತೀವಿ. ನನ್ ಕಬ್ಬನ್ನ ಬೇರೆ ಅರೆದಿದ್ರಾ ಸಾ?”

ಶಿವರಾಮಯ್ಯ ಬಿಲ್ಲನ್ನು ಅವಳತ್ತ ತಳ್ಳಿದ. “ತುಮಕೂರಲ್ಲಿ ಕೇಳ್ಕೊಳಿ” ಎಂದ.

ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ಎರಡು ಗಂಟೆ ಕೂರಿಸಿ, “ಕಾರ್ಖಾನೆ ನಮ್ಮ ಜಿಲ್ಲೇದಲ್ಲ” ಎಂದರು. ಗಂಗಾಂಬಿಕೆಗೆ ಮೈಯೆಲ್ಲ ಉರಿಯಿತು. ಬಸ್ ಚಾರ್ಜು, ಬಿಸಿಲು, ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಲೆದಾಟ. ಅಪರ್ಣ ಎಂಬ ಹುಡುಗಿ, ಅಲ್ಲಿನ ಸಹಾಯಕಿ, ಅವಳ ಮುಖ ನೋಡಿ ಕೇಂದ್ರ ಸರ್ಕಾರದ ಕಬ್ಬಿನ ದರದ ಆದೇಶವನ್ನು ಪ್ರಿಂಟ್ ತೆಗೆದುಕೊಟ್ಟು ಓದಿ ಹೇಳಿದಳು.

“ರಿಕವರಿ ನಿಮ್ಮೊಬ್ಬರದಲ್ಲ ಆಂಟಿ, ಇಡೀ ಕಾರ್ಖಾನೆಯ ಸರಾಸರಿ. ಹತ್ತೂಕಾಲು ಬಂದ್ರೆ ಟನ್ನಿಗೆ 3,550. ಅದಕ್ಕಿಂತ ಪ್ರತಿ 0.1 ಇಳಿದ್ರೆ 34 ರೂಪಾಯಿ 60 ಪೈಸೆ ಕಡಿತ. ಆದ್ರೆ ಒಂಬತ್ತೂವರೆಗಿಂತ ಕೆಳಗೆ ಎಷ್ಟೇ ಇಳೀಲಿ, ಕಡಿತ ಅಲ್ಲಿಗೇ ನಿಲ್ಬೇಕು. 3,290 ರೂಪಾಯಿ 50 ಪೈಸೆ ಕೊಡ್ಲೇಬೇಕು.”

ಕಾರ್ಖಾನೆಯವರು ನಿಲ್ಲಿಸಿಯೇ ಇರಲಿಲ್ಲ. 9.10ರ ತನಕ ಕಡಿಯುತ್ತಲೇ ಹೋಗಿದ್ದರು. ಟನ್ನಿಗೆ 138 ರೂಪಾಯಿ 40 ಪೈಸೆ ಖೋತಾ. ಅವಳ ಪಾಲಿಗೆ 8,896 ರೂಪಾಯಿ.

ಮತ್ತೆ ಕುಣಿಗಲ್ ಶಾಖೆಗೆ ಹೋಗಿ ಆದೇಶದ ಪ್ರತಿಯನ್ನು ಮೇಜಿನ ಮೇಲೆ ಹಾಕಿದಾಗ ಶಿವರಾಮಯ್ಯನ ದನಿ ಇಳಿಯಿತು.

“ನೋಡಿ ಅಮ್ಮ, ನಿಮ್ದೊಂದನ್ನ ಸರಿ ಮಾಡಿಸ್ಕೊಡ್ತೀನಿ. ಸುಮ್ನಿದ್ಬುಡಿ.”

ಗಂಗಾಂಬಿಕೆಗೆ ಹೂಂ ಎನ್ನೋಣ ಎನಿಸಿತು. ಅಲೆದು ಸಾಕಾಗಿತ್ತು, ದುಡ್ಡೂ ಕಣ್ಣೆದುರಿಗಿತ್ತು. ಆದರೆ ಪಕ್ಕದ ಹೊಲದ ರಂಗಣ್ಣನ ಬಿಲ್ಲಿನಲ್ಲೂ ಅದೇ ದರ ಇದ್ದದ್ದು ನೆನಪಾಯಿತು.

“ನಂಗೊಬ್ಬಳಿಗೆ ಬೇರೆ ರಿಕವರಿ ಇದ್ಯಾ ಸಾ? ಎಲ್ಲಾರ್ದೂ ಮಾಡಿ.”

ಊರಿಗೆ ಬಂದು ಅರ್ಜಿ ಬರೆದು ಮನೆಮನೆ ಸುತ್ತಿದಳು. ಅಲ್ಲಿ ಇನ್ನೊಂದು ತಲೆನೋವು.

“ಸೈನ್ ಹಾಕಿದ್ರೆ ಬರೋ ವರ್ಷ ಕಾರ್ಖಾನೆಯೋರು ಕಟಾವಿಗೆ ಪರ್ಮಿಟ್ ತಡ ಮಾಡ್ತಾರೆ ಗಂಗಕ್ಕ. ಬುಡು ಅತ್ಲಾಗೆ” ಎಂದ ರಂಗಣ್ಣ.

“ನಿನ್ ಎಂಬತ್ತು ಟನ್ನಿಗೆ ಹನ್ನೊಂದು ಸಾವಿರ ಹೋಗ್ತದೆ ಕಣೋ! ಹಸು ಒಂದು ಹೊತ್ತು ಹಾಲು ಕಮ್ಮಿ ಕೊಟ್ರೆ ಊರೆಲ್ಲಾ ಕೂಗಾಡ್ತೀಯ, ಇದಕ್ಕೆ ಬಾಯಿಲ್ವಾ?”

ರಂಗಣ್ಣ ತಲೆ ಕೆರೆದುಕೊಂಡು ಬೆರಳೆಣಿಸಿದ. ಕೊನೆಗೆ ಪೆನ್ನು ಕೇಳಿದ. ಅವನು ಹಾಕಿದ ಮೇಲೆ ಎದುರುಮನೆಯ ಚಿಕ್ಕಹನುಮಯ್ಯನೂ ಹಾಕಿದ. ನಲವತ್ತು ಮನೆ ಸುತ್ತಿದರೂ ಸಿಕ್ಕದ್ದು ಏಳೇ ಸಹಿ. ಉಳಿದವರನ್ನು ಬೈದುಕೊಳ್ಳುತ್ತಲೇ ಅರ್ಜಿಯನ್ನು ಕಾರ್ಖಾನೆಗೊಂದು, ಆ ಜಿಲ್ಲೆಯ ಜಿಲ್ಲಾಧಿಕಾರಿಗೊಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು.

ಐದು ವಾರದ ಮೇಲೆ ಕಾರ್ಖಾನೆ ಎಲ್ಲರಿಗೂ ವ್ಯತ್ಯಾಸದ ಹಣ ಹಾಕಿತು, ಸಹಿ ಹಾಕದವರಿಗೂ. “ನಾನ್ ಹೇಳಿರ್ಲಿಲ್ವಾ, ಬರ್ತದೆ ಅಂತ” ಎಂದು ಅವರಲ್ಲೇ ಒಬ್ಬ ಟೀ ಅಂಗಡಿಯಲ್ಲಿ ಹೇಳುತ್ತಿದ್ದದ್ದು ಗಂಗಾಂಬಿಕೆಯ ಕಿವಿಗೂ ಬಿತ್ತು. ಹಲ್ಲು ಕಚ್ಚಿಕೊಂಡು ಮುಂದೆ ನಡೆದಳು.

ರಂಗಣ್ಣ ಮಾತ್ರ ಮನೆಗೆ ಬಂದು ಒಂದು ಚೀಲ ಎಳ್ಳು ಇಟ್ಟು ಹೋದ. ಅವನು ಹೋದ ಮೇಲೆ ಅವಳು ತನ್ನ ಹೊಸ ಬಿಲ್ ತೆಗೆದಳು. ದರ ಸರಿಯಿತ್ತು. ಬಂದಿದ್ದ ಹಣ ಮಾತ್ರ 6,405 ರೂಪಾಯಿ. ಮತ್ತೆ ನೋಡಿದಳು. ಟನ್ ಎಂಬ ಕಡೆ 64.280ರ ಬದಲು 46.280 ಎಂದು ಅಚ್ಚಾಗಿತ್ತು.

“ಇವ್ರ ಮನೆ ಕಾಯ್ವೋಗ!” ಎಂದು ಗಂಗಾಂಬಿಕೆ ಆರು ತೂಕದ ಚೀಟಿಗಳನ್ನೂ ಬ್ಯಾಗಿಗೆ ತುಂಬಿ, ಕುಣಿಗಲ್ ಬಸ್ಸಿಗೆ ಹೊರಟಳು.