ಕಂಪ್ಯೂಟರಿಗೆ ಇಟ್ಟ ಹೆಸರು

ತುಮಕೂರಿನ ಬಟವಾಡಿಯ ಉದಯಕುಮಾರನ ಅಂಗಡಿಯಿಂದ ಯಾವ ಕಂಪ್ಯೂಟರೂ ನಾಮಕರಣವಾಗದೆ ಹೊರಗೆ ಹೋಗುವುದಿಲ್ಲ. ಹೊಸದಾಗಿ ಜೋಡಿಸಿ ವಿಂಡೋಸ್ ಹಾಕುವಾಗ, ಬಳಸುವವರ ಹೆಸರು ಕೇಳುವ ಜಾಗ ಬರುತ್ತದಲ್ಲ, ಅಲ್ಲಿ ಗಿರಾಕಿಯ ಹೆಸರನ್ನು ಅಚ್ಚ ಕನ್ನಡ ಅಕ್ಷರದಲ್ಲಿ ಟೈಪ್ ಮಾಡುತ್ತಾನೆ. ಆಮೇಲೆ ಡಬ್ಬಕ್ಕೆ ಕುಂಕುಮದ ಬೊಟ್ಟು, ಗಿರಾಕಿಯ ಕೈಗೆ ಒಂದು ಚೂರು ಬೆಲ್ಲ. ಪರದೆಯ ಮೇಲೆ ತಮ್ಮ ಹೆಸರು ಕನ್ನಡದಲ್ಲಿ ಮೂಡಿದ್ದನ್ನು ನೋಡಿ ಜನ ಹಿಗ್ಗುತ್ತಾರೆ. ಅವರಿಗಿಂತ ಹೆಚ್ಚಾಗಿ ಹಿಗ್ಗುವವನು ಉದಯಕುಮಾರ. ಬೇರೆ ಅಂಗಡಿಯವರು ಇಂಗ್ಲಿಷಿನಲ್ಲಿ 'ಯೂಸರ್' ಎಂದೋ 'ಅಡ್ಮಿನ್' ಎಂದೋ ಹೊಡೆದು ಕೈ ತೊಳೆದುಕೊಳ್ಳುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಮೈ ಉರಿಯುವುದು ಅವನಿಗೆ ಹೊಸದೇನಲ್ಲ. ಕಂಪ್ಯೂಟರ್ ಆಟದ ರೂಪ ಬದಲಿಸಲು ಆಡುವವರೇ ಬರೆದು ಹಂಚುವ ಮಾಡ್‌ಗಳ ವಿಷಯ ಬಂದರಂತೂ ಮುಗಿಯಿತು. ಹೋದ ತಿಂಗಳು ಗುಬ್ಬಿಯ ಕಾಲೇಜಿನ ಮೇಷ್ಟ್ರು ಅಭಿರಾಮ್ ಇವನಲ್ಲೇ ಕೊಂಡಿದ್ದ ತಮ್ಮ ಕಂಪ್ಯೂಟರ್ ಹೊತ್ತು ತಂದಿದ್ದರು. ಒಬ್ಬರೇ ಆಡುವ ಯಾವುದೋ ಕಾಡುಮೇಡಿನ ಆಟಕ್ಕೆ ಮಾಡ್ ಹಾಕಲು ಹೋದರೆ, ಮಾಡ್ ಜೋಡಿಸುವ ಪ್ರೋಗ್ರಾಂ ತೆರೆಯುವ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಉದಯಕುಮಾರ ಡೌನ್‌ಲೋಡ್ ಫೋಲ್ಡರ್ ತೆರೆದು ನೋಡಿದ. ಯಾವುದೋ ವಿಡಿಯೋದ ಕೆಳಗಿದ್ದ ಲಿಂಕ್‌ನಿಂದ ಇಳಿಸಿದ ಒಂದು ಇನ್‌ಸ್ಟಾಲರ್ ಅಲ್ಲಿ ಕೂತಿತ್ತು.

"ಸಾರ್, ಇದನ್ನ ಹಾಕೋವಾಗ ಆಂಟಿವೈರಸ್ ಆಫ್ ಮಾಡಿ ಅಂತ ಹೇಳ್ತಾ?"

"ಹೌದು, ಮಾಡಿದ್ದೆ."

"ಕಳ್ಳ ಬಂದು ನಾಯಿ ಕಟ್ಟಾಕಿ ಅಂದ್ರೆ ಕಟ್ಟಾಕ್ತೀರಾ ಸಾರ್? ಮಾಡ್ ಅಂದ್ರೆ ಆಟದ್ ಫೈಲು. ಕಾಡಿನ್ ಬಣ್ಣ ಬದಲಾಯ್ಸೋಕೆ ಇನ್‌ಸ್ಟಾಲರ್ ಯಾಕ್ ಬೇಕು? ಆಟದೋರೇ ಮಾಡ್ ಇಡೋಕೆ ಮಾಡಿರೋ ವರ್ಕ್‌ಶಾಪಲ್ಲೋ, ನಾಲ್ಕ್ ಜನ ಕಾಮೆಂಟ್ ಬರ್ದಿರೋ ದೊಡ್ಡ ಮಾಡ್ ಸೈಟಲ್ಲೋ ತಗೋಬೇಕು. ಯಾವ್ ವರ್ಷನ್ ಆಟಕ್ಕೆ ಮಾಡಿದ್ದು ನೋಡ್ಬೇಕು. ಕೆಳಗಡೆ 'ಕ್ರ್ಯಾಶ್ ಆಗ್ತೈತೆ' ಅಂತ ಯಾರಾದ್ರೂ ಅತ್ತವ್ರಾ ಓದ್ಬೇಕು. ಮೇಷ್ಟ್ರಾಗಿ ಓದೋಕೇನ್ ಸಾರ್ ಕಷ್ಟ?"

ವಿಷದ ಫೈಲ್ ಅಳಿಸಿ, ಕಂಪ್ಯೂಟರ್ ಪೂರ್ತಿ ಸ್ಕ್ಯಾನ್ ಮಾಡಿ, ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿಕೊಳ್ಳಿ ಎಂದು ಹೇಳಿ ಕಳಿಸಿದ. ಎರಡು ದಿನ ಬಿಟ್ಟು ಮೇಷ್ಟ್ರು ಫೋನ್ ಮಾಡಿ, ಒಳ್ಳೆ ಸೈಟಿನಿಂದಲೇ ಇಳಿಸಿದರೂ ಹಾಗೇ ಮುಚ್ಚಿಕೊಳ್ಳುತ್ತಿದೆ ಎಂದರು. ಉದಯಕುಮಾರ ಕೇಳಲಿಲ್ಲ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಿಮ್ಗೆ ಮಾಡ್ ಆಗ್ಬರಲ್ಲ ಸಾರ್, ಸುಮ್ನೆ ಇದ್ದಂಗೆ ಆಡಿ" ಎಂದು ಫೋನಿಟ್ಟ. ಮೇಷ್ಟ್ರು ಮತ್ತೆ ಫೋನ್ ಮಾಡಲಿಲ್ಲ.

ಈಗ ಅಂಗಡಿಯ ಸ್ಟೂಲಿನ ಮೇಲೆ ಕೂತಿರುವವರು ಬೀರಯ್ಯ. ಕುಣಿಗಲ್ಲಿನಿಂದ ಹೆಬ್ಬೂರು, ಗೂಳೂರು, ತುಮಕೂರಿನ ಮೇಲೆ ಗುಬ್ಬಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ತಲೆ ನರೆಯುವವರೆಗೂ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆ ಒಂದು ಕಣ್ಣಿನ ದೃಷ್ಟಿ ತಿಂದಿತು, ಲೈಸೆನ್ಸ್ ಹೋಯಿತು. ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದ ಅಪ್ಪನಿಗೆ ಮಗಳು ಇಂಪನಾ ಬಸ್ ಓಡಿಸುವ ಆಟ ತೋರಿಸಿದಳು, ಸ್ಟೀರಿಂಗ್ ತಂದು ಮೇಜಿಗೆ ಕಚ್ಚಿಸಿದಳು. ಆಟದ ಊರುಗಳೆಲ್ಲ ಯೂರೋಪಿನವು. ಆದರೆ ಇಂಪನಾ ಅಪ್ಪನ ಹಳೆಯ ಬಸ್ಸಿನ ಫೋಟೊ ನೋಡಿಕೊಂಡು ಅದೇ ಹಸಿರು ಪಟ್ಟಿ, ಅದೇ ಗಾಜಿನ ಮೇಲಿನ ಸಿದ್ಧಲಿಂಗೇಶ್ವರ ಇರುವ ಬಸ್ಸಿನ ಮಾಡ್ ಮಾಡಿದಳು. ಆಟಕ್ಕೆ ಕನ್ನಡದ ಒತ್ತಕ್ಷರ ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ಬೋರ್ಡನ್ನು ಚಿತ್ರವಾಗಿ ಬರೆದು, ಚಿತ್ರದ ಬೋರ್ಡು ತೋರಿಸುವ ಇನ್ನೊಬ್ಬರ ಮಾಡನ್ನು ಜೊತೆಗೆ ಸೇರಿಸಿದಳು. ಹಿಮ ಬೀಳುವ ಯಾವುದೋ ಸೀಮೆಯಲ್ಲಿ 'ಕುಣಿಗಲ್ – ಗುಬ್ಬಿ' ಎಂಬ ಬೋರ್ಡು ಹೊತ್ತ ಬಸ್ಸು ಓಡತೊಡಗಿತು. ಜೀವಮಾನವೆಲ್ಲ ಇನ್ನೊಬ್ಬರ ಬಸ್ಸು ಓಡಿಸಿದ ಬೀರಯ್ಯ ಆಟದಲ್ಲಿ ಮೊದಲ ಸಲ ಮಾಲೀಕರಾದರು. ಡಿಪೋ ಕಟ್ಟಿದರು, ಹತ್ತಾರು ಊರಿಗೆ ದಾರಿ ಮಾಡಿದರು. ಅದೆಲ್ಲ ಸೇವ್ ಎಂಬ ಒಂದು ಫೈಲಿನಲ್ಲಿತ್ತು.

ಬೇರೆ ಅಂಗಡಿಯಲ್ಲಿ ಕೊಂಡಿದ್ದ ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಉದಯಕುಮಾರನಿಗೇ ಕೊಟ್ಟು ಹೊಸದು ಒಯ್ದಿದ್ದರು. ಸೇವ್, ಮಾಡ್ ಎಲ್ಲವನ್ನೂ ಅವನೇ ಹೊಸದಕ್ಕೆ ಹಾಕಿಕೊಟ್ಟಿದ್ದ. ಅಂದಿನಿಂದ ಬಸ್ಸು ಡಿಪೋದಿಂದ ಮೂತಿ ಹೊರಗೆ ಹಾಕಿತೋ ಇಲ್ಲವೋ ಆಟ ಧೊಪ್ಪನೆ ಬೀಳುತ್ತಿತ್ತು. ಅದಕ್ಕೇ ಇಂದು ಸ್ಟೀರಿಂಗ್ ಸಮೇತ ಹೊತ್ತು ತಂದಿದ್ದರು.

"ಹಳೇದ್ರಲ್ಲಿ ಓಡ್ತಿತ್ತು ಕಣಪ್ಪ. ನಿನ್ ಹೊಸದ್ರಲ್ಲೇ ಬೀಳ್ತೈತೆ" ಎಂದರು ಬೀರಯ್ಯ.

"ನನ್ ಕಂಪ್ಯೂಟರ್‌ಗೆ ಏನಾಗಿಲ್ಲ ಬೀರಯ್ಯನೋರೆ. ಮಾಡಲ್ಲೇ ಐತೆ ದೋಷ."

ಬೆಳಿಗ್ಗೆಯಿಂದ ಅವನು ಪಟ್ಟ ಪಾಡು ಹೇಳತೀರದು. ಆಟದ ವರ್ಷನ್ನಿಗೂ ಮಾಡುಗಳ ವರ್ಷನ್ನಿಗೂ ತಾಳೆ ನೋಡಿದ, ಸರಿಯಿತ್ತು. ಎರಡು ಮಾಡ್ ಒಂದೇ ವಸ್ತುವನ್ನು ಬದಲಾಯಿಸಲು ಹೋಗಿ ಕಿತ್ತಾಡುತ್ತಿವೆಯೇ ಎಂದು ಪಟ್ಟಿಯ ಕ್ರಮವನ್ನು ಮೇಲೆ ಕೆಳಗೆ ಮಾಡಿದ, ಬಿದ್ದಿತು. ಹೊಸದೊಂದು ಆಟ ಶುರು ಮಾಡಿ, ಅರ್ಧ ಮಾಡ್ ಆಫ್ ಮಾಡಿ ಓಡಿಸಿದ, ಬಿದ್ದರೆ ಉಳಿದದ್ದರಲ್ಲಿ ಮತ್ತೆ ಅರ್ಧ ಆಫ್ ಮಾಡಿದ. ಹೀಗೆ ಜರಡಿ ಹಿಡಿದು ಕೊನೆಗೆ ಸಿಕ್ಕಿದ್ದು ಬೋರ್ಡು ತೋರಿಸುವ ಮಾಡ್.

"ನೋಡಿ, ಇದೇ ಕಳ್ಳ. ತೆಗೆದಾಕ್ತೀನಿ, ಬಸ್ಸು ಆರಾಮಾಗಿ ಓಡ್ತೈತೆ."

ಬೀರಯ್ಯ ಅವನನ್ನೇ ದಿಟ್ಟಿಸಿದರು. "ಬೋರ್ಡಿಲ್ದಿದ್ ಬಸ್ಸಿಗೆ ಯಾರಪ್ಪ ಹತ್ತಾರು?"

"ಅಯ್ಯೋ, ಅದು ಆಟ ಬೀರಯ್ಯನೋರೆ! ಹತ್ತೋರೂ ಗೊಂಬೆಗಳೆ!"

"ನಿನ್ಗೆ ಆಟ" ಎಂದು ಹೇಳಿ ಬೀರಯ್ಯ ಟೀ ಕುಡಿಯಲು ಎದ್ದು ಹೋದರು.

ಆ ಮಾತು ಉದಯಕುಮಾರನಿಗೆ ಚುರುಕ್ಕೆಂದಿತು. ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎಂದು ಗೊತ್ತಿದ್ದರೂ ಬೋರ್ಡಿನ ಮಾಡನ್ನು ಅಳಿಸಿ, ಬೀರಯ್ಯನವರ ಸೇವನ್ನೇ ತೆರೆದ. ಇದರಲ್ಲಿ ಬಳಸಿದ ಕೆಲವು ವಸ್ತುಗಳು ಈಗ ಇಲ್ಲ ಎಂದು ಆಟ ಎಚ್ಚರಿಸಿತು. ಓದದೆಯೇ ಸರಿ ಎಂದು ಒತ್ತಿದ. ಆಟ ಬೀಳಲಿಲ್ಲ, ಅವನು ಗೆದ್ದವನಂತೆ ಕುರ್ಚಿಗೆ ಒರಗಿದ. ಆಟ ತನ್ನ ಪಾಡಿಗೆ ತಾನೇ ಸೇವ್ ಮಾಡಿಕೊಂಡಿತು. ಆಮೇಲೆ ನೋಡಿದರೆ ಡಿಪೋದಲ್ಲಿ ಹಸಿರು ಪಟ್ಟಿಯ ಬಸ್ಸಿಲ್ಲ. ಆಟದ ಸ್ವಂತದ್ದೊಂದು ಬೋಳು ಬಿಳಿ ಬಸ್ಸು ನಿಂತಿದೆ. ಇಂಪನಾಳ ಬಸ್ಸು ಬೋರ್ಡಿನ ಮಾಡನ್ನು ನೆಚ್ಚಿಕೊಂಡಿತ್ತು. ಅದನ್ನು ಕಿತ್ತ ಮೇಲೆ ಬಸ್ಸನ್ನೂ ಆಟ ಕೈಬಿಟ್ಟಿತ್ತು. ಬಸ್ಸು ಹೋದ ಮೇಲೆ ಅದಕ್ಕೆ ಹೊಂದಿಸಿದ್ದ ದಾರಿಗಳೂ ಹೋಗಿದ್ದವು. ಮಾಡನ್ನು ವಾಪಸ್ ಹಾಕಿದರೂ ಅವು ಮರಳಲಿಲ್ಲ.

ಮಾಡ್ ತೆಗೆಯುವ ಮೊದಲು ಸೇವನ್ನು ಕಾಪಿ ಮಾಡಿಕೊಳ್ಳಿ, ಪರೀಕ್ಷೆ ಮಾಡುವುದಿದ್ದರೆ ಹೊಸ ಆಟ ಶುರು ಮಾಡಿ ಅದರಲ್ಲಿ ಮಾಡಿ ಎಂದು ಊರಿಗೆಲ್ಲ ಹೇಳುವವನು ಇವನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಬೀರಯ್ಯ ಟೀ ಮುಗಿಸಿ ಬಂದರೇ ಎಂದು ಬಾಗಿಲ ಕಡೆ ನೋಡಿದ.

ಅವನನ್ನು ಆ ದಿನ ಕಾಪಾಡಿದ್ದು ಅವನ ಸೋಮಾರಿತನ. ಹಳೆಯ ಕಂಪ್ಯೂಟರನ್ನು ಒರೆಸಿ ಮಾರಬೇಕೆಂದು ಹೆಂಡತಿ ಅನುಪಮಾ ಗೊಣಗುತ್ತಲೇ ಇದ್ದಳು, ಇವನು ನಾಳೆ ನಾಳೆ ಎನ್ನುತ್ತಲೇ ಇದ್ದ. ಅದು ಇನ್ನೂ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ತಂದು ಆನ್ ಮಾಡಿದ. ಬಂತು, ಉಸಿರೂ ಬಂತು. ಹೊಸದರಲ್ಲಿ ಒಂದು ದಿನವೂ ಆಡಲು ಆಗದಿದ್ದರಿಂದ ಹಳೆಯದರ ಸೇವಿನಲ್ಲಿ ಬೀರಯ್ಯನವರ ಕಂಪನಿ ಪೂರ್ತಿ ಇತ್ತು. ಈ ಸಲ ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡ. ಆಮೇಲೆ ಆಟ ತೆರೆದ. ಹಸಿರು ಪಟ್ಟಿಯ ಬಸ್ಸು 'ಕುಣಿಗಲ್ – ಗುಬ್ಬಿ' ಬೋರ್ಡಿನೊಂದಿಗೆ ಡಿಪೋದಿಂದ ಹೊರಬಂದು ಹಿಮದ ರಸ್ತೆಗಿಳಿಯಿತು. ಬೀಳಲಿಲ್ಲ.

ಅದೇ ಆಟ, ಅದೇ ಮಾಡ್, ಅದೇ ಸೇವ್. ಹಾಗಾದರೆ ಡೊಂಕು ಯಾವ ನೆಲದ್ದು?

ಆಟ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಾಗ್ ಫೈಲ್ ಒಂದಿರುತ್ತದೆ. ಎರಡೂ ಕಂಪ್ಯೂಟರಿನ ಲಾಗನ್ನು ಅಕ್ಕಪಕ್ಕ ಇಟ್ಟು ಓದಿದ. ಬೋರ್ಡಿನ ಚಿತ್ರ ಹುಡುಕಿದ ದಾರಿ ಹಳೆಯದರಲ್ಲಿ ಸೀ ಡ್ರೈವ್, ಯೂಸರ್ಸ್, ಅಡ್ಮಿನ್ ಎಂದು ಸರಾಗವಾಗಿ ಹೋಗಿತ್ತು. ಹೊಸದರಲ್ಲಿ ಸೀ ಡ್ರೈವ್, ಯೂಸರ್ಸ್, ಆಮೇಲೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಅದರ ಕೆಳಗೆ, ಫೈಲ್ ಸಿಗಲಿಲ್ಲ ಎಂಬ ಸಾಲು. ಬೆಳಿಗ್ಗೆಯೂ ಆ ಚಿಹ್ನೆಗಳನ್ನು ಕಂಡಿದ್ದ, ಫಾಂಟ್ ಕೆಟ್ಟಿರಬೇಕೆಂದು ದಾಟಿದ್ದ.

ಬಳಸುವವರ ಹೆಸರಿನಲ್ಲೇ ವಿಂಡೋಸ್ ಅವರ ಫೋಲ್ಡರ್ ಮಾಡುತ್ತದೆ, ಅಲ್ಲಿ ಇರಬೇಕಾಗಿದ್ದದ್ದು 'ಬೀರಯ್ಯ'. ಬೆಲ್ಲ ಕೊಟ್ಟು, ಬೊಟ್ಟಿಟ್ಟು ಅವನೇ ಬರೆದ ಹೆಸರು. ವಿಂಡೋಸಿಗೆ ಕನ್ನಡ ಬರುತ್ತದೆ, ಒತ್ತಕ್ಷರ ಬರೆಯಲು ಬಾರದ ಆಟಕ್ಕೂ ಫೋಲ್ಡರಿನ ಹೆಸರು ಓದುವಷ್ಟು ಬರುತ್ತದೆ. ಆದರೆ ಯಾರೋ ಬಿಡುವಿನಲ್ಲಿ ಬರೆದ ಆ ಪುಟ್ಟ ಮಾಡಿಗೆ ಇಂಗ್ಲಿಷ್ ಅಕ್ಷರವಲ್ಲದೆ ಬೇರೆ ಓದಲು ಬರುವುದಿಲ್ಲ. ಕನ್ನಡದ ಫೋಲ್ಡರ್ ಕಂಡೊಡನೆ ದಾರಿ ತಪ್ಪಿ, ಆಟವನ್ನೂ ಎಳೆದುಕೊಂಡು ಬೀಳುತ್ತಿತ್ತು.

ಟೀ ಮುಗಿಸಿ ಬಂದ ಬೀರಯ್ಯ, "ಏನಾಯ್ತಪ್ಪ?" ಎಂದರು.

"ನಿಮ್ ಹೆಸರಲ್ಲೈತೆ ತೊಂದರೆ" ಎಂದ ಉದಯಕುಮಾರ. ಹೇಳುವಾಗ ಬಾಯಿ ಕಹಿಯಾಯಿತು. "ಅಂದ್ರೆ, ನಾನು ಬರ್ದಿರೋ ಹೆಸರಲ್ಲಿ."

ಸೆಟ್ಟಿಂಗಿನಲ್ಲಿ ಹೆಸರು ತಿದ್ದಿದರೆ ಸಾಲದು, ಪರದೆಯ ಮೇಲಿನದು ಬದಲಾದರೂ ಅಡಿಯ ಫೋಲ್ಡರ್ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಅಕೌಂಟ್ ಮಾಡಿದ. ಪ್ರತಿ ಅಕ್ಷರ ಒತ್ತುವಾಗಲೂ ಅವಮಾನವಾಗುತ್ತಿತ್ತು. ಸೇವ್, ಮಾಡ್ ಎರಡನ್ನೂ ಅದರೊಳಗೆ ಹಾಕಿದ. ಕೊನೆಗೆ ಅದೇ ಉಪಾಯವನ್ನು ತಿರುಗಿಸಿ, ಪರದೆಯ ಹೆಸರನ್ನು ಮಾತ್ರ 'ಬೀರಯ್ಯ' ಎಂದು ಕನ್ನಡಕ್ಕೆ ತಂದ. ಫೋಲ್ಡರ್ ಇಂಗ್ಲಿಷಿನಲ್ಲೇ ಉಳಿಯಿತು.

ಬೀರಯ್ಯ ಸ್ಟೀರಿಂಗ್ ಹಿಡಿದರು. ಬಸ್ಸು ಹೊರಬಂತು. ಅವರು ಬೋರ್ಡನ್ನು ಒಂದು ಕಣ್ಣಿನಲ್ಲಿ ನಿಧಾನವಾಗಿ ಓದಿಕೊಂಡು, ಇಲ್ಲದ ಕಂಡಕ್ಟರಿಗೆ "ರೈಟ್ ಹೇಳೋ" ಎಂದರು.

ಅವರು ಹೋದ ಮೇಲೂ ಉದಯಕುಮಾರನ ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಎಂದು ಹುಡುಕಿದರೆ ಎಲ್ಲ ದಾರಿಯೂ ತಿರುಗಿ ತನ್ನ ಅಂಗಡಿಗೇ ಬರುತ್ತಿತ್ತು. ಮಾಡ್ ಬರೆದ ಪುಣ್ಯಾತ್ಮನಿಗೆ ಕನ್ನಡವೆಂಬುದೊಂದಿದೆ ಎಂದೇ ಗೊತ್ತಿರಲಿಕ್ಕಿಲ್ಲ. ಆದರೆ ಬೀಳುತ್ತಿದೆ ಎಂದು ಕನ್ನಡದಲ್ಲೇ ಹೇಳಿದವರ ಮಾತನ್ನು ತಾನೂ ಕೇಳಿರಲಿಲ್ಲ. ಫೋನ್ ತೆಗೆದುಕೊಂಡ. ಎರಡು ಸಲ ಕೆಳಗಿಟ್ಟ. ಮೂರನೆಯ ಸಲ ಗುಬ್ಬಿಗೆ ಹಚ್ಚಿದ.

"ಸಾರ್, ನಾನು ಬಟವಾಡಿ ಉದಯಕುಮಾರ. ನಿಮ್ ಕಂಪ್ಯೂಟರ್ ಆನ್ ಮಾಡಿದ್ರೆ ಹೆಸರು ಹೆಂಗ್ ಬರ್ತೈತೆ?"

"ಕನ್ನಡದಲ್ಲಿ" ಎಂದರು ಮೇಷ್ಟ್ರು. ಆಮೇಲೆ ಮೆಲ್ಲಗೆ ಹೇಳಿದರು: "ನೀವೇ ಬರೆದುಕೊಟ್ಟಿದ್ದು. ಆಟ ಬಿಟ್ಟೆ, ಹೆಸರು ಮಾತ್ರ ಹಾಗೇ ಇದೆ. ನೋಡಿದಾಗಲೆಲ್ಲ ಖುಷಿಯಾಗುತ್ತೆ."

"ಭಾನುವಾರ ನಾನೇ ಬರ್ತೀನಿ ಸಾರ್" ಎಂದ ಉದಯಕುಮಾರ. "ನೆಲ ಡೊಂಕೇ ಇತ್ತು."