ಎಡಗೈ ಊರುಗೋಲು

ಅವಳಿಗೆ ಸೊನ್ನೆಯಕ್ಕ ಎಂದು ಹೆಸರಿಟ್ಟವಳು ನಾನೇ. ನಮ್ಮದು ರೋಗಿಗಳ, ವಯಸ್ಸಾದವರ ಆರೈಕೆಗೆ ಬೇಕಾದ ಸಾಮಾನು ಮಾರುವ ಆನ್‌ಲೈನ್ ಅಂಗಡಿ. ನಾನು ದೂರು ಕೇಳುವ ಮೇಜಿನವಳು, ಅಂದರೆ ದಿನವಿಡೀ ಬೈಸಿಕೊಂಡು ಸಂಬಳ ತೆಗೆದುಕೊಳ್ಳುವವಳು. ಅವಳು ನನ್ನ ಪಕ್ಕದ ಮೇಜಿನಲ್ಲಿ ಕೂತು ಅಂಗಡಿಯ ಹುಡುಕಾಟ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವವಳು. ಏನಾದರೂ ಹೊಸದಾಗಿ ಬದಲಾಯಿಸಿದರೆ ಉಳಿದವರೆಲ್ಲ ಇರುವ ವಸ್ತುವನ್ನು ಹುಡುಕಿ, ಸಿಕ್ಕಿತಲ್ಲ ಎಂದು ಕೈಕೊಡವಿಕೊಂಡು ಏಳುತ್ತಿದ್ದರು. ಇವಳು ನಮ್ಮಲ್ಲಿ ಇಲ್ಲದ ವಸ್ತುವನ್ನೇ ಮೊದಲು ಹುಡುಕಿ, ಸೊನ್ನೆ ಎಂದು ಬರುತ್ತದೆಯೇ ನೋಡುತ್ತಿದ್ದಳು.

ಒಮ್ಮೆ ಪ್ರೋಗ್ರಾಂ ಬರೆಯುವವರು ಖಾಲಿ ಪುಟವೇ ಬೇಡ, ಏನೂ ಸಿಗದಿದ್ದರೆ ಅದಕ್ಕೆ ಹತ್ತಿರವಾದ ಏನನ್ನಾದರೂ ತೋರಿಸೋಣ ಎಂದು ಹೊರಟರು. ಗಾಲಿಕುರ್ಚಿ ಹುಡುಕಿ, ಅಗಲವನ್ನು ತೀರ ಕಿರಿದಾಗಿ ಆರಿಸಿದರೆ, ಅಂಥದ್ದು ಇಲ್ಲ ಎನ್ನದೆ ಅಗಲದ ಕುರ್ಚಿಗಳನ್ನೇ ತಂದು ನಿಲ್ಲಿಸುತ್ತಿತ್ತು.

"ಇಲ್ಲ ಅಂದ್ರೆ ಇಲ್ಲ ಅನ್ನಿ," ಎಂದು ಅವಳು ಪಟ್ಟು ಹಿಡಿದಳು. "ಅವರ ಮನೆ ಬಾಗಿಲು ಎಷ್ಟು ಚಿಕ್ಕದೋ ಏನೋ. ಅವರು ಆರಿಸಿದ್ದನ್ನ ಹೇಳದೆ ಕೇಳದೆ ತೆಗೆದುಹಾಕಿದ್ರೆ ಅದು ಸುಳ್ಳು ಹೇಳಿದ ಹಾಗೆ. ಅಳತೆ ಬಿಟ್ಟು ನೋಡ್ತೀರಾ ಅಂತ ಕೇಳಿ, ಬೇಕಾದ್ರೆ ಅವರೇ ಬಿಡ್ತಾರೆ."

ನಮ್ಮ ಮುಖ್ಯಸ್ಥರಿಗೆ ಎಲ್ಲವೂ ನಾಳೆ. ಅದಕ್ಕೇ ಅವರು ನಾಳೆ ಸಾಹೇಬರು. ಆದರೆ ಆ ವಿಷಯದಲ್ಲಿ ಅವರು ಕೂಡ ಅದೇ ದಿನ ಸೋತರು.

ಇಷ್ಟು ಖಡಕ್ಕಾಗಿ ಇಲ್ಲ ಎನ್ನಬಲ್ಲವಳು ಮನೆಯಲ್ಲಿ ಬಾಯಿ ಸತ್ತವಳು. ಅಣ್ಣ ಅತ್ತಿಗೆಯ ಜೊತೆಗೆ ಇದ್ದಳು. ಅಪ್ಪ ಬೇಗ ಹೋದ ಮೇಲೆ ಅಣ್ಣ ತನ್ನ ಓದು ನಿಲ್ಲಿಸಿ ಇವಳನ್ನು ಓದಿಸಿದ. ಪೀಠೋಪಕರಣದ ಕಾರ್ಖಾನೆಯಲ್ಲಿ ಲೇತ್ ಮೇಲೆ ಮರ ಕಡೆಯುವ ಕೆಲಸ ಅವನದು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದಾಗ ಎಡಗೈಯ ಹಿಡಿತಕ್ಕೆ ಒಗ್ಗುವಂಥ ಊರುಗೋಲನ್ನು ತಾನೇ ಕಡೆದುಕೊಟ್ಟ. ಹಿಡಿಯನ್ನು ಅಂಗೈಗೆ ತಕ್ಕಂತೆ ಉಜ್ಜಿ, ತುದಿಗೆ ರಬ್ಬರ್ ಹಾಕಿ ಕೊಟ್ಟ ಆ ಕೋಲಿನಲ್ಲಿ ಅಮ್ಮ ಕೊನೆಯವರೆಗೂ ನಡೆದಳು. ಆಮೇಲೆ ಸಂಜೆ ಹೊತ್ತು ಬಲಗೈಯವರಿಗೂ ಎಡಗೈಯವರಿಗೂ ಕೋಲು ಮಾಡಿ ನಮ್ಮ ಅಂಗಡಿಯಲ್ಲಿ ಮಾರಲು ಇಟ್ಟ. ಅಲ್ಲೊಂದು ಇಲ್ಲೊಂದು ಹೋಗುತ್ತಿತ್ತು.

ಸೊನ್ನೆಯಕ್ಕನ ಕೆಲಸಕ್ಕೆ ತಾನು ಚೆನ್ನಾಗಿ ಬಲ್ಲ ಒಂದು ವಸ್ತು ಬೇಕಿತ್ತು. ಯಾವ ಮರ, ಎಷ್ಟು ಉದ್ದ, ಯಾವ ಕೈ ಎಂದು ಬಾಯಿಪಾಠವಿದ್ದರೆ ತಾನೇ ಹುಡುಕಾಟ ಸರಿಯೋ ತಪ್ಪೋ ಹೇಳಲು ಸಾಧ್ಯ? ಅಣ್ಣನ ಊರುಗೋಲನ್ನೇ ಆರಿಸಿಕೊಂಡಳು. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದಳು, ನಮ್ಮ ಬಾಯಲ್ಲಿ ಅದು ಪರೀಕ್ಷೆಯ ಯಂತ್ರ. ಅದು ಗಂಟೆಗೊಮ್ಮೆ ನಿಜವಾದ ಅಂಗಡಿಯೊಳಗೆ ಗಿರಾಕಿಯ ಹಾಗೆ ಹೋಗಿ ಊರುಗೋಲು ಎಂದು ಸರಿಯಾಗಿ ಬರೆದು ಹುಡುಕುತ್ತಿತ್ತು, ಬೇಕೆಂದೇ ಒಂದು ಅಕ್ಷರ ಬಿಟ್ಟು, ಅಕ್ಷರ ಅದಲುಬದಲು ಮಾಡಿ ಹುಡುಕುತ್ತಿತ್ತು, ಮರದ್ದು, ಎಡಗೈಯದ್ದು, ಈಗ ಸರಕು ಇರುವಂಥದ್ದು ಎಂದು ಸೋಸಿ ನೋಡುತ್ತಿತ್ತು. ಅಣ್ಣನ ಕೋಲು ಮೊದಲ ಮೂರು ಪುಟಗಳಲ್ಲಿ ಎಲ್ಲಿದ್ದರೂ ಅದನ್ನು ಒತ್ತಿ ತೆರೆದು, ಬುಟ್ಟಿಗೆ ಹಾಕಿ, ಮತ್ತೆ ತೆಗೆದು, ಎಲ್ಲ ಸರಿಯಿದೆ ಎಂದು ಹಸಿರು ಗುರುತು ಹಾಕುತ್ತಿತ್ತು. ಹಸಿರು ಕಂಡ ಮೇಲೆ ಯಾರೂ ಒಳಗೆ ಇಣುಕಿ ನೋಡುವುದಿಲ್ಲ. ಅವಳೂ ನೋಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಂಗಡಿಯಲ್ಲಿ ಹುಡುಕಿದಾಗ ವಸ್ತುಗಳನ್ನು ಸಾಲು ಹಿಡಿಸುವ ರೀತಿ ಬದಲಾಯಿತು. ಜನ ಯಾವುದನ್ನು ಹೆಚ್ಚು ಒತ್ತಿ ನೋಡುತ್ತಾರೋ, ಬುಟ್ಟಿಗೆ ಹಾಕುತ್ತಾರೋ, ಅದು ತಾನಾಗಿ ಮೇಲೆ ಬರುವ ಹಾಗೆ ಮಾಡಿದರು. ಪರೀಕ್ಷೆಯ ಯಂತ್ರ ಒತ್ತಿದ್ದನ್ನು ಲೆಕ್ಕದಿಂದ ಬಿಡಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಅಣ್ಣನಿಗೆ ಆರ್ಡರ್‌ಗಳು ಬರತೊಡಗಿದವು. ಮೊದಲು ವಾರಕ್ಕೊಂದಿಷ್ಟು, ಆಮೇಲೆ ಮಾಡಿದ್ದೆಲ್ಲ ಖಾಲಿ. ಕೋಲು ಒಳ್ಳೆಯದೇ, ತೆಗೆದುಕೊಂಡವರು ಹೊಗಳಿಯೂ ಬರೆದರು. ಅವನು ಸಂಜೆ ಪೂರ್ತಿ ಕೂತರೂ ಸಾಲದೆ ಸರಕು ಮುಗಿದುಹೋಯಿತು. ಈಗ ಇರುವಂಥದ್ದು ಮಾತ್ರ ತೋರಿಸು ಎಂದರೆ ಕೋಲು ಮಾಯ. ಸೊನ್ನೆಯಕ್ಕನ ಯಂತ್ರ ಮೊದಲ ಸಲ ಕೆಂಪು ತೋರಿಸಿತು. ಅಣ್ಣ ಮತ್ತೆ ಸರಕು ತುಂಬುವವರೆಗೆ ಇರಲಿ ಎಂದು ಅವಳು ಮೂರನೇ ಪುಟದಿಂದ ಯಾವುದೋ ಒಂದು ಬಿಸಿನೀರಿನ ಚೀಲವನ್ನು ಆರಿಸಿ ಯಂತ್ರಕ್ಕೆ ಕೊಟ್ಟಳು.

ಆ ವಾರವೇ ಅಣ್ಣ ಕಾರ್ಖಾನೆ ಬಿಟ್ಟ. ಒಂದು ಶೆಡ್ ಹಿಡಿದ, ಎರಡನೆಯ ಲೇತ್ ತಂದ, ಅತ್ತಿಗೆ ಹೊಲಿಗೆ ಬಿಟ್ಟು ಪಾಲಿಶ್ ಹಾಕಲು ಕೂತಳು.

"ಜನ ನನ್ನ ಕೋಲನ್ನೇ ಹುಡುಕ್ಕೊಂಡು ಬರ್ತಾರಮ್ಮ," ಎಂದು ತಂಗಿಗೆ ಹೇಳಿದನಂತೆ. "ಇನ್ನೊಬ್ಬರ ಕುರ್ಚಿ ಕಾಲು ಎಷ್ಟು ದಿನ ಕಡೀಲಿ?"

ಅವಳು ಆಫೀಸಿಗೆಲ್ಲ ಸಿಹಿ ಹಂಚಿದಳು. ನಾನು ಎರಡು ಸಲ ತೆಗೆದುಕೊಂಡೆ.

ದೂರು ಬಂದದ್ದು ನನ್ನ ಮೇಜಿಗೆ. ಒಬ್ಬ ಹೆಂಗಸು, ದನಿ ಏರಿಸಲೂ ಆಗದಷ್ಟು ಸುಸ್ತಾಗಿದ್ದಳು. ನಮ್ಮಲ್ಲಿ ಕೊಂಡ ಬಿಸಿನೀರಿನ ಚೀಲ ಅವಳ ತಾಯಿಯ ತೊಡೆಯ ಮೇಲೆ ಒಡೆದು ಚರ್ಮ ಸುಲಿದುಹೋಗಿತ್ತು. "ನಿಮ್ಮಲ್ಲಿ ಅದೇ ಎಲ್ಲಕ್ಕಿಂತ ಮೊದಲು ಕಾಣಿಸ್ತು ರೀ, ಅದಕ್ಕೇ ತಗೊಂಡೆ," ಎಂದಳು. ನಾನು ತೆರೆದು ನೋಡಿದರೆ ಸೋರುತ್ತದೆ ಎಂದು ಜನ ಬರೆದದ್ದು ಅದರ ಕೆಳಗೇ ಇದೆ, ಆದರೂ ಸಾಲಿನಲ್ಲಿ ಅದೇ ಮೊದಲು.

"ಅಕ್ಕಾ, ಈ ದರಿದ್ರ ಚೀಲ ಮೇಲೆ ಹೇಗೆ ಬಂತು?" ಎಂದು ಕೇಳಿದೆ.

ಅವಳು ನೋಡಿದಳು. ಅದು ಯಾವ ಚೀಲ ಎಂದು ಗುರುತು ಸಿಕ್ಕಿತು, ತಾನೇ ಯಂತ್ರಕ್ಕೆ ಕೊಟ್ಟದ್ದು. ಒತ್ತಿದವರ ದಾಖಲೆ ತೆಗೆಸಿದಳು. ಗಂಟೆಗೊಂದು ಸಲ, ಹಗಲಿಲ್ಲ ರಾತ್ರಿಯಿಲ್ಲ, ಎಲ್ಲ ಒಂದೇ ಯಂತ್ರದಿಂದ. ಆಮೇಲೆ, ನಾನು ಕೇಳದೆಯೇ, ಊರುಗೋಲಿನ ದಾಖಲೆಯನ್ನೂ ತೆಗೆಸಿದಳು. ಅಲ್ಲೂ ಅದೇ ಕತೆ. ತಕ್ಕಡಿ ಸರಿಯಿದೆಯೇ ಎಂದು ನೋಡಲು ಕೂತವಳ ಹೆಬ್ಬೆರಳು ಇಷ್ಟು ದಿನ ತಟ್ಟೆಯ ಮೇಲೆಯೇ ಇತ್ತು.

ನಾಳೆ ಸಾಹೇಬರು ಅಂದೂ ನಾಳೆ ಎನ್ನಲಿಲ್ಲ. "ಚೀಲವನ್ನ ಈಗಲೇ ತೆಗೀರಿ. ಊರುಗೋಲಿನ ವಿಷಯ ಯಾರೂ ಕೇಳಿಲ್ಲ. ಒಳ್ಳೇ ವಸ್ತು, ದೂರಿಲ್ಲ. ಅದು ಹಾಗೇ ಇರಲಿ ಬಿಡಿ," ಎಂದರು. ಅವರು ಅಷ್ಟು ಒಳ್ಳೆಯ ಮಾತನ್ನು ಇನ್ನೊಮ್ಮೆ ಆಡಿದ್ದು ನನಗೆ ನೆನಪಿಲ್ಲ.

ನಾನೂ ಅದನ್ನೇ ಹೇಳಿದೆ. "ಅಕ್ಕಾ, ಬಾಯಿ ಮುಚ್ಕೊಂಡಿರು. ಮೇಲೆ ಬಂದಿರೋದು ವಿಷ ಅಲ್ಲ, ಕೋಲು. ಯಾರ ಗಂಟು ಹೋಗುತ್ತೆ?"

"ಅದರ ಕೆಳಗೆ ಇರೋ ಕೋಲುಗಳೂ ಯಾರದೋ ಅಣ್ಣಂದಿರವೇ ಅಲ್ವೇನೇ," ಎಂದಳು. ಸಂಜೆಯೊಳಗೆ ದೋಷದ ವರದಿ ಬರೆದು ಕಳಿಸಿದಳು. ಚೀಲವೂ ಅದರಲ್ಲಿತ್ತು, ಊರುಗೋಲೂ ಇತ್ತು, ಬರೆದವಳಿಗೂ ಮಾರುವವನಿಗೂ ಇರುವ ಸಂಬಂಧವೂ ಇತ್ತು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಯಂತ್ರ ಒತ್ತಿದ್ದನ್ನೆಲ್ಲ ಅಳಿಸಿ ಸಾಲನ್ನು ಹೊಸದಾಗಿ ಹಿಡಿಸಿದರು. ಅಣ್ಣನ ಕೋಲು ಮೊದಲ ಪುಟದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಕಾರ್ಖಾನೆಯಲ್ಲಿ ರಾಶಿಗಟ್ಟಲೆ ಆಗುವ ಅಗ್ಗದ ಕೋಲುಗಳು ಅದರ ಮುಂದೆ ನಿಂತವು. ಶೆಡ್ಡಿನಲ್ಲಿ ಎರಡು ಲೇತುಗಳು, ಗೋಡೆಗೊರಗಿಸಿದ ಕೋಲುಗಳ ಸಾಲು. ಆರ್ಡರ್ ಹೆಚ್ಚುಕಡಿಮೆ ನಿಂತಿತು.

ಇಲ್ಲಿ ಅವಳು ಎಡವಿದಳು. ಊರಿಗೆಲ್ಲ ನಿಜ ಹೇಳಿದವಳು ಮನೆಯಲ್ಲಿ ಹೇಳಲಿಲ್ಲ. ಅಣ್ಣ ತನ್ನ ಕೈಯಲ್ಲೇ ದೋಷ ಹುಡುಕಿದ. ಹಿಡಿ ದಪ್ಪವಾಯಿತೆಂದು ತೆಳ್ಳಗೆ ಮಾಡಿದ, ಬಣ್ಣ ಸರಿಯಿಲ್ಲವೆಂದು ಪಾಲಿಶ್ ಬದಲಾಯಿಸಿದ, ಆಗಲೇ ಮಾಡಿಟ್ಟಿದ್ದ ಚೆಂದದ ಕೋಲುಗಳನ್ನು ಮತ್ತೆ ಲೇತಿಗೆ ಕಚ್ಚಿಸಿ ಕೆಡಿಸಿದ. ಅತ್ತಿಗೆಯ ಜೊತೆ ಜಗಳ ಆಯಿತು. ಒಂದು ದಿನ ಊಟದ ಹೊತ್ತಿನಲ್ಲಿ ತಂಗಿಯನ್ನು ಕೇಳಿದನಂತೆ, "ನೀನು ಅಲ್ಲೇ ಕೆಲಸ ಮಾಡೋಳು, ನನ್ನ ಕೋಲಲ್ಲಿ ಏನು ಕಮ್ಮಿ ಅಂತ ನೋಡಿ ಹೇಳಮ್ಮ."

ಮಾರನೆಯ ದಿನ ಅವಳು ನನ್ನ ಕೈ ಹಿಡಿದು, "ನೀನೂ ಬಾರೇ, ಒಬ್ಬಳೇ ಹೇಳೋಕೆ ಆಗ್ತಿಲ್ಲ," ಎಂದಳು.

ಶೆಡ್ಡಿನಲ್ಲಿ ಮರದ ಪುಡಿಯ ವಾಸನೆ. ಅಣ್ಣ ನನಗೊಂದು ಸ್ಟೂಲು ಒರೆಸಿ ಕೊಟ್ಟ. ಅವಳು ನಿಂತೇ ಹೇಳಿದಳು, ತಾನು ಯಂತ್ರ ಬರೆದದ್ದು, ಅದು ಒತ್ತಿದ್ದು, ತಾನೇ ವರದಿ ಮಾಡಿದ್ದು, ಎಲ್ಲವನ್ನೂ. ಅವನು ಕೈಯಲ್ಲಿದ್ದ ಕೋಲನ್ನು ಉಜ್ಜುತ್ತಲೇ ಕೇಳಿಸಿಕೊಂಡ. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು.

"ಹಾಗಾದ್ರೆ ಯಾರೂ ಹುಡುಕಿರಲಿಲ್ಲ," ಎಂದ ಕೊನೆಗೆ.

"ತಗೊಂಡೋರು ನಿಜವಾಗ್ಲೂ ತಗೊಂಡ್ರು ಅಣ್ಣ. ಎಡಗೈ ಅಂತ ಆರಿಸಿ ಬಂದೋರಂತೂ ಇದನ್ನೇ ಹುಡುಕಿ ಬಂದೋರು. ಎಡಗೈಯ ಮರದ ಕೋಲು ಇರೋದು ನಿನ್ನೊಬ್ಬನದೇ."

"ಅವರೆಷ್ಟು ಜನ?"

ಅವಳು ಹೇಳಿದಳು. ಒಂದು ಮನೆ ನಡೆಯುವಷ್ಟು ಜನ ಅಲ್ಲ.

"ನಾನು ಕೆಲಸ ಬಿಡೋಕೆ ಮುಂಚೆ ನಿನಗೆ ಗೊತ್ತಾಗಿದ್ರೆ ನೀನು ಹೇಳ್ತಿದ್ದೆ ಅಲ್ವಾ?" ಎಂದು ಅವನು ಕೇಳಿದ. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಹೇಳ್ತಿದ್ದೆ," ಎಂದಳು.

"ಆಮೇಲೂ ಹೇಳಬಹುದಿತ್ತು," ಎಂದಳು ಅತ್ತಿಗೆ. "ಇವರು ಅಷ್ಟು ಕೋಲು ಹಾಳು ಮಾಡೋದನ್ನ ನೋಡ್ತಾ ಕೂತಿದ್ಯಲ್ಲ." ಅಂದಿನಿಂದ ಅತ್ತಿಗೆ ಅವಳಿಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಕಾರ್ಖಾನೆಯವರು ಅವನನ್ನು ಮತ್ತೆ ಸೇರಿಸಿಕೊಂಡರು, ಲೇತ್ ಮೇಲಲ್ಲ, ಪ್ಯಾಕಿಂಗಿನಲ್ಲಿ. ಅವನ ಜಾಗಕ್ಕೆ ಬೇರೊಬ್ಬ ಬಂದಾಗಿತ್ತು. ಎರಡು ಲೇತುಗಳೂ ಮಾರಿಹೋದವು. ಇದ್ದ ಕೋಲುಗಳು ಒಂದೊಂದಾಗಿ ಹೋಗಿ, ಕೊನೆಯದು ಹೋದ ದಿನ ಅವನು ನಮ್ಮ ಅಂಗಡಿಯಿಂದ ತನ್ನ ವಸ್ತುವನ್ನು ತೆಗೆದುಹಾಕಿದ. ಬೇರೆ ಏನಾದರೂ ಮಾಡಿಕೊಡು ಎಂದು ನಾನೇ ಒಮ್ಮೆ ಕೇಳಿದೆ. "ಕೈ ಬರ್ತಿಲ್ಲಮ್ಮ," ಎಂದ.

ಮೊನ್ನೆ ನನಗೊಂದು ಫೋನ್ ಬಂತು. ಮುದುಕರೊಬ್ಬರು, ಮಾತು ತೊದಲುತ್ತಿತ್ತು. ಬಲಗೈ ಬಿದ್ದುಹೋಗಿದೆಯಂತೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಹತ್ತಿರ ನಮ್ಮಲ್ಲಿ ಕೊಂಡ ಎಡಗೈಯ ಮರದ ಕೋಲು ನೋಡಿದ್ದರಂತೆ. "ಮೂರು ದಿನದಿಂದ ಹುಡುಕ್ತಿದೀನಿ, ಇಲ್ಲ ಅಂತಾನೇ ಬರುತ್ತೆ. ನಿಮ್ಮ ಹುಡುಕಾಟ ಕೆಟ್ಟಿದೆ, ಸರಿಮಾಡಿ," ಎಂದರು.

ನಿಯಮ ನಿಯಮವೇ. ದೂರನ್ನು ಪಕ್ಕದ ಮೇಜಿಗೆ ಕಳಿಸಿದೆ. ಸೊನ್ನೆಯಕ್ಕ ಓದಿದಳು. ಊರುಗೋಲು ಎಂದು ಸರಿಯಾಗಿ ಬರೆದು ಹುಡುಕಿದಳು. ಮುದುಕರ ಕೈ ನಡುಗಿ ಹೇಗೆಲ್ಲ ತಪ್ಪಾಗಿರಬಹುದೋ ಹಾಗೆಲ್ಲ ಬರೆದು ಹುಡುಕಿದಳು. ಮರದ್ದು ಎಂದಳು, ಎಡಗೈ ಎಂದಳು. ಒಂದೊಂದನ್ನೇ ಬಿಟ್ಟು, ಮತ್ತೆ ಸೇರಿಸಿ ನೋಡಿದಳು. ಪ್ರತಿ ಸಲವೂ ಅವಳೇ ಜಗಳವಾಡಿ ಉಳಿಸಿಕೊಂಡ ಆ ಖಾಲಿ ಪುಟ ಬಂತು. ನೀವು ಆರಿಸಿದಂಥ ವಸ್ತು ನಮ್ಮಲ್ಲಿ ಇಲ್ಲ, ಎಡಗೈ ಎಂಬುದನ್ನು ಬಿಟ್ಟು ನೋಡುವಿರಾ ಎಂದು ಅದು ಕೇಳುತ್ತಿತ್ತು.

ಆಮೇಲೆ ಉತ್ತರ ಬರೆದು ನನಗೆ ಕಳಿಸಿದಳು. "ಹುಡುಕಾಟದಲ್ಲಿ ದೋಷವಿಲ್ಲ. ವಸ್ತು ಇಲ್ಲ."

ಅದನ್ನು ಆ ಮುದುಕರಿಗೆ ಫೋನ್ ಮಾಡಿ ನಾನೇ ಹೇಳಬೇಕಾಯಿತು.