ಹೇಳಬೇಡ ಅಂದವನು ನಾನೇ

ಅವನು ನನ್ನನ್ನು ಆ ಮಾತು ಕೇಳಿದ್ದು ಹರಿಹರ ಸ್ಟೇಷನ್ನಿನಲ್ಲಿ, ಬೆಳಗಿನ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದಾಗ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಿನಾ ಆ ಗಾಡಿಯಲ್ಲೇ ನಾನು ದಾವಣಗೆರೆಗೆ ಹೋಗಿ ಬರುತ್ತಿದ್ದೆ. ಅಲ್ಲಿಯ ಒಂದು ಹತ್ತಿ ಮಿಲ್ಲಿನ ಟೈಂ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸಗಾರರ ಹಾಜರಿ, ರಜೆ, ಕಾಗದಪತ್ರ ಎಲ್ಲ ನಮ್ಮ ಮೇಜಿನ ಮೇಲೇ ಹಾಯುತ್ತಿತ್ತು. ಅವನು ಅದೇ ಮಿಲ್ಲಿನ ಕಾರ್ಡಿಂಗ್ ಯಂತ್ರದ ಕೆಲಸಗಾರ. ಮನೆ ದಾವಣಗೆರೆಯಲ್ಲೇ, ಆನೆಕೊಂಡದಲ್ಲಿ. ಮಿಲ್ಲಿಗೆ ನಡೆದುಕೊಂಡೇ ಬರುವವನಿಗೆ ಹರಿಹರದಲ್ಲೇನು ಕೆಲಸ ಎಂದು ನಾನು ಆಶ್ಚರ್ಯಪಡುವಷ್ಟರಲ್ಲೇ ಹತ್ತಿರ ಬಂದು ನಿಂತ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಆದರೆ ಅಂಗಿ ಬೇರೆಯವರದೇನೋ ಅನ್ನುವಷ್ಟು ಸಡಿಲವಾಗಿತ್ತು.

ಹಿಂದಿನ ದಿನ ರಜೆಯಾದ್ದರಿಂದ ಹರಿಹರದ ಡಾಕ್ಟರರೊಬ್ಬರಿಗೆ ತೋರಿಸಲು ಬಂದು, ಮಾವನ ಮನೆಯಲ್ಲಿ ಉಳಿದಿದ್ದನಂತೆ. ದಾವಣಗೆರೆಯಲ್ಲಿ ತೋರಿಸಿದರೆ ಯಾರಾದರೂ ನೋಡಿಯಾರು ಅನ್ನುವ ಭಯ. ಆರು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗಳು ಸುಮ್ಮನೆ ಮಾತಾಡಿಸಿದರೂ ಕಣ್ಣಲ್ಲಿ ನೀರು ಬರುತ್ತದೆ, ಬದುಕಿ ಏನು ಮಾಡುವುದು ಅನ್ನಿಸುತ್ತದೆ ಎಂದೆಲ್ಲ ಹಳಿ ನೋಡುತ್ತ ಹೇಳಿದ. ದೆವ್ವದ ಕಾಟವೆಂದು ಅವನ ಹೆಂಡತಿ ಎರಡು ಕಡೆ ತಾಯತ ಕಟ್ಟಿಸಿದ್ದಳು. ಡಾಕ್ಟರು ಮಾತ್ರ ಇದು ಮನಸ್ಸಿನ ಕಾಯಿಲೆ, ವಾಸಿಯಾಗುವಂಥದ್ದು ಎಂದು ಹೇಳಿ ಗುಳಿಗೆ ಕೊಟ್ಟಿದ್ದರು. ಜೊತೆಗೆ ಒಂದು ಎಚ್ಚರಿಕೆಯ ಮಾತೂ ಹೇಳಿದ್ದರು.

"ಈ ಗುಳಿಗಿ ತಗಂಡ್ರೆ ಮಂಪರು ಬರ್ತೈತಂತ್ರಿ. ಮಿಷಿನ್ ಹತ್ರ ನಿಂದ್ರಬ್ಯಾಡ, ಮ್ಯಾನೇಜರಿಗೆ ಹೇಳಿ ಬ್ಯಾರೆ ಕೆಲಸ ಕೇಳು ಅಂದಾರ. ಹೇಳ್ಲೇನ್ರಿ ಸ್ವಾಮಿ? ನಿಮಗಾದ್ರೆ ಗೊತ್ತೈತೆ."

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ನನಗೆ ಗೊತ್ತಿತ್ತು ನಿಜ. ನನಗೆ ಗೊತ್ತಿದೆ ಅನ್ನುವುದು ಇಡೀ ಮಿಲ್ಲಿಗೆ ಗೊತ್ತಿತ್ತು. ಸಿಟ್ಟು ಅದಕ್ಕೇ.

ಎರಡು ವರ್ಷ ಮುಂಚೆ ನನಗೂ ಇಂಥದ್ದೇ ಆಗಿತ್ತು. ಹಾಜರಿ ಪುಸ್ತಕ ಬಿಡಿಸಿದರೆ ಕೈ ನಡುಗುವುದು, ಮಿಲ್ಲಿನ ಕೂಗು ಕೇಳಿದರೆ ಮೈ ಬೆವರುವುದು, ಯಾರೋ ಹಿಂದೆ ನಿಂತು ನನ್ನ ತಪ್ಪು ಎಣಿಸುತ್ತಿದ್ದಾರೆ ಅನ್ನಿಸುವುದು. ಒಂದು ದಿನ ಧೈರ್ಯ ಮಾಡಿ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮೈಸೂರು ಕಡೆಯಿಂದ ಬಂದ, ಮಿತಭಾಷಿಯಾದ ಮನುಷ್ಯ. ಬಾಗಿಲು ಹಾಕಿಸಿ, ಕೂರಿಸಿ, ಪೂರ್ತಿ ಕೇಳಿಸಿಕೊಂಡರು. ರಜೆ ಕೊಟ್ಟರು. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಾ, ಕೆಲಸಕ್ಕೆ ಯೋಗ್ಯ ಅಂತ ಅಲ್ಲಿಂದ ಒಂದು ಸರ್ಟಿಫಿಕೇಟು ಬಂದರೆ ಸಾಕು, ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದರು. ಇಷ್ಟು ಒಳ್ಳೆಯತನ ನಾನು ನಿರೀಕ್ಷಿಸಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಆಸ್ಪತ್ರೆಯವರು ಸರ್ಟಿಫಿಕೇಟನ್ನು ಅಂಚೆಯಲ್ಲಿ ಮಿಲ್ಲಿಗೇ ಕಳಿಸಿದರು. ಮಿಲ್ಲಿಗೆ ಬರುವ ಪ್ರತಿ ಕಾಗದವನ್ನೂ ಮೊದಲು ನಮ್ಮ ಆಫೀಸಿನಲ್ಲಿ ಒಡೆದು ಆವಕ ಪುಸ್ತಕದಲ್ಲಿ ಏರಿಸಬೇಕು: ಯಾರಿಂದ ಬಂತು, ಯಾವ ತಾರೀಕು, ವಿಷಯ ಏನು. ನಾನು ರಜೆಯಲ್ಲಿದ್ದೆನಲ್ಲ, ನನ್ನ ಬದಲು ಕೂತಿದ್ದ ಗುಮಾಸ್ತ ಒಂದು ಅಕ್ಷರ ಬಿಡದೆ ಏರಿಸಿದ್ದ. ಹುಚ್ಚಾಸ್ಪತ್ರೆ, ಬೆಂಗಳೂರು, ಮುಂದೆ ನನ್ನ ಹೆಸರು. ಅವನದೇನೂ ತಪ್ಪಿಲ್ಲ. ಬೇರೆಯವರ ಎಷ್ಟೋ ಗುಟ್ಟನ್ನು ನಾನೂ ಅದೇ ಪುಸ್ತಕದಲ್ಲಿ, ದುಂಡಗಿನ ಅಕ್ಷರದಲ್ಲಿ ಏರಿಸಿದ್ದೆ. ಗುಟ್ಟಾಗಿಡುತ್ತೇನೆ ಅಂದ ಮ್ಯಾನೇಜರಿಗೂ, ಹೂಂ ಅಂದ ನನಗೂ ಆ ಪುಸ್ತಕದ ನೆನಪೇ ಬಂದಿರಲಿಲ್ಲ.

ಕೆಲಸ ಹೋಗಲಿಲ್ಲ. ಬೇರೆಲ್ಲ ಹೋಯಿತು. ನಾನು ಲೆಕ್ಕ ತಪ್ಪಿದ್ದು ತೋರಿಸಿದರೆ ಜೊತೆಯವರು ಪರಸ್ಪರ ಮುಖ ನೋಡಿಕೊಂಡು, ಪಾಪ, ಇರಲಿ ಬಿಡು ಅನ್ನುತ್ತಿದ್ದರು. ಜೋರಾಗಿ ಮಾತಾಡಿದರೆ ನೀರು ತಂದುಕೊಡುತ್ತಿದ್ದರು. ಹೆಡ್ ಗುಮಾಸ್ತರ ಜಾಗ ಖಾಲಿಯಾದಾಗ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ನಂದಿಗುಡಿಯಲ್ಲಿ ನನ್ನ ತಂಗಿಗೆ ನೋಡಿದ್ದ ಸಂಬಂಧ, ಎಲೆ ಅಡಿಕೆ ಹಿಡಿಯುವ ಹಂತಕ್ಕೆ ಬಂದದ್ದು, ಮನೆತನದಲ್ಲಿ ಅದು ಐತಂತೆ ಅನ್ನುವ ಒಂದೇ ಮಾತಿಗೆ ಮುರಿದುಬಿತ್ತು. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತವನು ಅವನ ಲೆಕ್ಕವನ್ನು ಹಾಕಿದೆ. ನಾನು ಗುಮಾಸ್ತ, ಮೇಜಿನ ಆಳು. ಅವನು ಯಂತ್ರದ ಆಳು, ಅವನಿಗೆ ಕಾಯಂ ಆಗಿ ಎರಡು ವರ್ಷವೂ ಆಗಿರಲಿಲ್ಲ. ಅದಕ್ಕೆ ಮುಂಚೆ ಏಳು ವರ್ಷ ಬದ್ಲಿಯಾಗಿದ್ದ. ಬದ್ಲಿ ಅಂದರೆ ಪ್ರತಿ ಪಾಳಿಗೂ ಮಿಲ್ಲಿನ ಗೇಟಿನ ಮುಂದೆ ನಿಂತು, ಒಳಗಿನವರಲ್ಲಿ ಇವತ್ತು ಯಾರು ಬಂದಿಲ್ಲ ಎಂದು ಕಾಯುವವನು. ಯಾರಾದರೂ ಬಾರದಿದ್ದರೆ ಆ ದಿನಕ್ಕೆ ಕೆಲಸ, ಇಲ್ಲದಿದ್ದರೆ ಮನೆಗೆ. ಗೇಟಿನಲ್ಲಿ ಹೆಸರು ಕೂಗುತ್ತಿದ್ದವನೇ ನಾನು. ಹೆಸರು ಬಾರದವರ ಮುಖ ಹೇಗಾಗುತ್ತದೆ ಎಂದು ಬೇರೆ ಯಾರೂ ನನಗೆ ಹೇಳಬೇಕಿರಲಿಲ್ಲ.

ಅವನು ಹೇಳಿದರೆ ಆಗುವುದನ್ನೆಲ್ಲ ಬಿಡಿಸಿ ಹೇಳಿದೆ. ಮ್ಯಾನೇಜರು ಮಿಲ್ಲಿನ ಡಾಕ್ಟರಿಗೆ ಕಳಿಸುತ್ತಾರೆ. ಯಂತ್ರದ ಕೆಲಸಕ್ಕೆ ಯೋಗ್ಯನಲ್ಲ ಎಂದು ಅವರು ಬರೆದರೆ, ನಿರಂತರ ಅನಾರೋಗ್ಯದ ಕಾರಣ ಕೆಲಸದಿಂದ ತೆಗೆಯಲಾಗಿದೆ ಅನ್ನುವ ಕಾಗದ ಬರುತ್ತದೆ. ಅಂಥ ಒಂದು ಕಾಗದವನ್ನು ನಾನೇ ಟೈಪು ಮಾಡಿದ್ದೆ. ಕೆಲಸ ಕಡಿಮೆಯಾಗಿ ತೆಗೆದರೆ ಕಾನೂನು ಪ್ರಕಾರ ಪರಿಹಾರ ಉಂಟು, ಕಾಯಿಲೆಯೆಂದು ತೆಗೆದರೆ ಆ ಪರಿಹಾರವಿಲ್ಲ. ಹೇಳದೆ ಮನೆಯಲ್ಲಿ ಕೂತರೂ ಆಗದು. ರಜೆ ಮುಗಿದು ಎಂಟು ದಿನದೊಳಗೆ ಬಂದು ತಕ್ಕ ಕಾರಣ ಕೊಡದಿದ್ದರೆ ಕಾಯಂ ಜಾಗ ಹೋಗಿ, ಹೆಸರು ಮತ್ತೆ ಬದ್ಲಿ ಪಟ್ಟಿಗೆ ಬೀಳುತ್ತದೆ.

ಒಂದನ್ನು ಮಾತ್ರ ಹೇಳಲಿಲ್ಲ. ಯಂತ್ರ ಬಿಡಿಸಿ ಹತ್ತಿ ಗೋದಾಮಿಗೋ ಅಂಗಳದ ಕೆಲಸಕ್ಕೋ ಹಾಕುವ ಅಧಿಕಾರ ಮ್ಯಾನೇಜರಿಗಿತ್ತು. ಹಾಕಿದರೂ ಹಾಕಬಹುದಿತ್ತು. ನನ್ನ ವಿಷಯದಲ್ಲಿ ಅವರು ಒಳ್ಳೆಯವರಾಗಿಯೇ ನಡೆದುಕೊಂಡಿದ್ದರು. ಅದು ನೆನಪಿಗೆ ಬಂದಿತ್ತು ಕೂಡ. ಆದರೆ ನನಗೆ ಫಲಿಸದ ಆ ಒಳ್ಳೆಯತನ ಇವನಿಗೆ ಫಲಿಸೀತಲ್ಲ ಎಂದೇ ನನಗೆ ಹೊಟ್ಟೆಯುರಿ.

"ಹೇಳಬ್ಯಾಡ," ಅಂದೆ. "ಗುಳಿಗಿ ಸಂಜೀಕೆ ತಗಾ, ಬೆಳಿಗ್ಗಿಗೆ ಇಳಿದಿರ್ತೈತೆ. ಯಾರಾರ ಕೇಳಿದ್ರೆ ಪಿತ್ತ ಅನ್ನು."

ಡಾಕ್ಟರಿಕೆ ನನಗೇನು ಗೊತ್ತಿತ್ತು? ಆದರೂ ಗೊತ್ತಿದ್ದವನ ಹಾಗೆ ಹೇಳಿದೆ. ಅವನ ಮುಖದ ಮೇಲೆ ಒಂದು ನೆಮ್ಮದಿ ಕಾಣಿಸಿತು. ಗಾಡಿ ಬಂತು, ಒಂದೇ ಡಬ್ಬಿ ಹತ್ತಿದೆವು.

ಮುಂದಿನ ಐದು ವಾರ ಗೇಟಿನಲ್ಲಿ ಕಂಡಾಗೆಲ್ಲ ತಲೆಯಾಡಿಸುತ್ತಿದ್ದ. ಸ್ವಲ್ಪ ನಿದ್ದೆ ಬರುತ್ತಿದೆ, ಮಗಳ ಜೊತೆ ಮಾತಾಡುತ್ತೇನೆ ಎಂದು ಒಮ್ಮೆ ಹೇಳಿದ. ಬೆಳಿಗ್ಗೆ ತಲೆ ಭಾರ ಎಂದೂ ಹೇಳಿದ. ಆ ಎರಡನೆಯದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಒಳ್ಳೆಯ ಸಲಹೆ ಕೊಟ್ಟೆ ಅನ್ನುವ ಹಮ್ಮು ಇತ್ತು, ಸುಳ್ಳು ಯಾಕೆ ಹೇಳಲಿ.

ಕಾರ್ಡಿಂಗ್ ಯಂತ್ರ ಹತ್ತಿಯನ್ನು ಹಿಂಜಿ ಎಳೆಎಳೆಯಾಗಿ ಬಿಡಿಸುತ್ತದೆ. ಒಳಗೆ ಮೈತುಂಬ ತಂತಿಯ ಹಲ್ಲುಗಳಿರುವ ದೊಡ್ಡ ಉರುಳೆ. ಬೆಲ್ಟು ಸರಿಸಿ ಯಂತ್ರ ನಿಲ್ಲಿಸಿದರೂ ಆ ಉರುಳೆ ತನ್ನ ಭಾರಕ್ಕೆ ತಾನೇ ಕೆಲವು ನಿಮಿಷ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆದು ಒಳಗೆ ಸಿಕ್ಕ ಹತ್ತಿ ಬಿಡಿಸಬೇಕು. ಇದು ಮೊದಲ ದಿನ ಕಲಿಸುವ ಪಾಠ. ಸುಮಾರು ಒಂಬತ್ತು ವರ್ಷ ಆ ಪಾಠ ತಪ್ಪದವನು ಒಂದು ಬೆಳಗಿನ ಪಾಳಿಯಲ್ಲಿ, ಉರುಳೆ ಇನ್ನೂ ತಿರುಗುತ್ತಿರುವಾಗಲೇ ಮುಚ್ಚಳ ತೆಗೆದು ಬಲಗೈ ಹಾಕಿದ. ಪಕ್ಕದ ಯಂತ್ರದವನು ಆಮೇಲೆ ಹೇಳಿದ್ದು: ಆತ ಕಣ್ಣು ಬಿಟ್ಟುಕೊಂಡೇ ಇದ್ದ, ಆದರೆ ನೋಡುತ್ತಿರಲಿಲ್ಲ.

ಹೆಬ್ಬೆರಳೊಂದು ಉಳಿಯಿತು. ಮಿಕ್ಕ ನಾಲ್ಕು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಮರುದಿನ ಮ್ಯಾನೇಜರು ನನ್ನನ್ನು ಕರೆದು, ಅಪಘಾತದ ವರದಿಗೆ ಅವನ ಹೇಳಿಕೆ ಬರೆದುಕೊಂಡು ಬಾ ಎಂದರು. ತಿಂಗಳಿಂದ ಅವನ ಮುಖ ಸರಿಯಿರಲಿಲ್ಲ, ಏನಾದರೂ ತೊಂದರೆ ಇದ್ದರೆ ಒಂದು ಮಾತು ಹೇಳಬಾರದಿತ್ತೆ, ಗೋದಾಮಿಗೆ ಹಾಕಬಹುದಾಗಿತ್ತು ಎಂದರು. ನಿಜವಾಗಿ ಹಾಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದ ಮೇಲೆ ಎಲ್ಲರೂ ಧಾರಾಳಿಗಳೇ. ಆದರೆ ಅದನ್ನು ಪರೀಕ್ಷಿಸಿ ನೋಡುವ ಅವಕಾಶವನ್ನು ತಪ್ಪಿಸಿದವನು ನಾನು. ಹೌದು ಸಾರ್ ಅಂದು ಕಾಗದ ತೆಗೆದುಕೊಂಡು ಹೊರಟೆ.

ವಾರ್ಡಿನಲ್ಲಿ ಅವನ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನನಗೆ ಸ್ಟೂಲು ಒರೆಸಿಕೊಟ್ಟು, ನೀವು ಒಬ್ರೇ ನೋಡ್ರಿ ಬಂದಿದ್ದು ಎಂದಳು. ನನ್ನ ಸಲಹೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳು ಗಂಜಿ ತರಲು ಎದ್ದು ಹೋದಳು. ಆಮೇಲೆ ಅವನು ಮೆಲ್ಲಗೆ ಕೇಳಿದ.

"ಈಗಾರ ಹೇಳ್ಲೇನ್ರಿ, ಗುಳಿಗಿ ವಿಷಯ?"

ದೇವರಾಣೆ, ಆ ಗಳಿಗೆ ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಯಾಕೆಂದರೆ ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು, ಮತ್ತು ಈ ಸಲ ಅದು ಹೊಟ್ಟೆಯುರಿಯದಲ್ಲ, ಕಾನೂನಿನದು. ಕೆಲಸದಲ್ಲಿ ಕೈ ಕಳೆದುಕೊಂಡವನಿಗೆ ಮಿಲ್ಲು ಪರಿಹಾರ ಕೊಡಬೇಕು. ಆದರೆ ಕುಡಿದೋ ಔಷಧಿಯ ಅಮಲಿನಲ್ಲೋ ಆದ ಗಾಯವೆಂದು ಮಿಲ್ಲಿನವರು ತೋರಿಸಿದರೆ, ಸಾವಾಗದ ಹೊರತು ಕೊಡಬೇಕಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ಆ ಮಾತಿಗೆ ಸೇರುತ್ತದೋ ಇಲ್ಲವೋ ವಕೀಲರು ವಾದಿಸಬಹುದು. ಯಂತ್ರದ ಹತ್ತಿರ ನಿಲ್ಲಬೇಡ ಎಂದು ಡಾಕ್ಟರು ಹೇಳಿದ್ದು ಹೊರಬಂದರೆ ಮಾತ್ರ ಇವನ ಕಥೆ ಮುಗಿದಂತೆ.

ಹೇಳಬ್ಯಾಡ ಅಂದೆ, ಎರಡನೆಯ ಸಲ. ಅವನ ಕಣ್ಣಿನಲ್ಲಿ ಸಿಟ್ಟು ಇದ್ದೀತೆಂದು ನೋಡಿದೆ, ಇರಲಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಆ ಮಾತಿನ ಬದಲು, ಪಾಳಿ ಶುರುವಾದದ್ದು ಎಷ್ಟು ಗಂಟೆಗೆ ಎಂದು ಕೇಳಿದೆ. ಅವನು ಹೇಳಿದ, ನಾನು ಬರೆದೆ. ಕೊನೆಯ ಕಲಮಿನಲ್ಲಿ ಅಪಘಾತದ ಕಾರಣ ಅಂತ ಇತ್ತು. ಅಲ್ಲಿ, ಉರುಳೆ ನಿಂತಿದೆ ಎಂದು ತಿಳಿದು ಕೈ ಹಾಕಿದ್ದು, ಕೆಲಸಗಾರನ ಅಜಾಗರೂಕತೆ ಎಂದು ಬರೆದೆ. ಬರೀ ಅಜಾಗರೂಕತೆಗೆ ಪರಿಹಾರ ತಪ್ಪುವುದಿಲ್ಲ.

ಓದಿ ಹೇಳ್ರಿ ಎಂದ. ಓದಿದೆ. ಅಜಾಗರೂಕತೆ ಅಂದ್ರೇನ್ರಿ ಎಂದು ಕೇಳಿದ. ಮೈಮೇಲೆ ಎಚ್ಚರ ಇಲ್ಲದೆ ಕೆಲಸ ಮಾಡೋದು ಎಂದೆ.

"ಇರ್ಲಿ ಬಿಡ್ರಿ. ಹುಚ್ಚ ಅಂತ ಬರದಿಲ್ವಲ್ಲ, ಅಷ್ಟು ಸಾಕು. ಮಗಳು ಬೆಳದಾಳ."

ಆ ಮಾತು ಆಡುವಾಗ ಅವನು ನಕ್ಕ. ಐದು ವಾರದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಮಸಿಯ ಡಬ್ಬಿ ತೆರೆದು, ಅವನ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡೆ.